ಹತ್ತನೇ ಕ್ಲಾಸ್ ಗಣಿತ ಟ್ಯೂಷನ್ ಪುಟ: ವೈರ್‌ಫ್ರೇಮ್, ಎರಡನೇ ಕರಡು

ಮೇಡಂ, ಇದು ನೀವು ಓದಿ ಒಪ್ಪಬೇಕಾದ ಕರಡು. ಒಪ್ಪಿದ ಮೇಲೆ ಇದೇ ಕಾಗದ ಪುಟ ಕಟ್ಟುವವರ ಕೈಗೆ ಹೋಗುತ್ತದೆ. ಬಣ್ಣ, ಚಿತ್ರ, ಅಲಂಕಾರ ಯಾವುದನ್ನೂ ಇಲ್ಲಿ ನೋಡಬೇಡಿ. ಏನು ಎಲ್ಲಿರಬೇಕು, ಯಾವ ಮಾತು ಇರಬೇಕು, ಬಟನ್ ಒತ್ತಿದರೆ ಏನಾಗಬೇಕು, ಇಷ್ಟೇ. ಮಾತುಗಳನ್ನು ಮಾತ್ರ ಪೂರ್ತಿಯಾಗಿ ಬರೆದಿದ್ದೇನೆ. ಬೇರೆ ಏನನ್ನೋ ತುಂಬಿಸಿಟ್ಟು ಆಮೇಲೆ ಬದಲಿಸೋಣ ಅಂದರೆ ಜಾಗದ ಲೆಕ್ಕವೇ ತಪ್ಪುತ್ತದೆ.

ಈ ಪುಟಕ್ಕೆ ಬರುವವರು ಮಕ್ಕಳಲ್ಲ, ಅಪ್ಪ ಅಮ್ಮ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಬರುತ್ತಾರೆ. ರಾತ್ರಿ ಊಟ ಮುಗಿದ ಮೇಲೆ, ಕೈಯಲ್ಲಿ ಫೋನ್ ಹಿಡಿದು, ಇನ್ನೂ ನಾಲ್ಕು ಟ್ಯೂಷನ್ ವಿಚಾರಿಸುತ್ತಾ ನೋಡುತ್ತಾರೆ. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ನನ್ನ ಮಗುವಿನ ಕಡೆ ಇವರು ಗಮನ ಕೊಡುತ್ತಾರಾ? ಪುಟ ಅದಕ್ಕೆ ಉತ್ತರ ಹೇಳಬೇಕು. ಉತ್ತರಕ್ಕೆ ಸಂಬಂಧ ಇಲ್ಲದ್ದನ್ನೆಲ್ಲ ತೆಗೆದಿದ್ದೇನೆ. ಮೊದಲ ಕರಡಿನಲ್ಲಿದ್ದ ಮೆನು, ಓಡುವ ಚಿತ್ರಗಳು, "ನಮ್ಮ ಧ್ಯೇಯ", ಗ್ಯಾಲರಿ ಎಲ್ಲ ಹೋಗಿವೆ.

ಮೊದಲ ಪರದೆ

ಅಳತೆ: 360 ಪಿಕ್ಸೆಲ್ ಅಗಲದ ಫೋನ್. ಮೊದಲು ಫೋನಿಗೇ ಕಟ್ಟಿ. ಕಂಪ್ಯೂಟರಿನಲ್ಲಿ ಇದೇ ಕಂಬ ನಡುವೆ ನಿಂತರೆ ಸಾಕು, ಎರಡು ಕಾಲಂ ಬೇಡ.

```
ಹತ್ತನೇ ಕ್ಲಾಸ್ ಗಣಿತ ಟ್ಯೂಷನ್
ಕುವೆಂಪುನಗರ, ಮೈಸೂರು
--------------------------------
ಮಗು ಗಣಿತದಲ್ಲಿ
ಎಲ್ಲಿ ತಡವರಿಸುತ್ತದೋ,
ಪಾಠ ಅಲ್ಲಿಂದಲೇ ಶುರು

ಒಂದು ಬ್ಯಾಚ್‌ಗೆ 12 ಮಕ್ಕಳು.
ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮ.
ಜೂನ್ 8, ಸೋಮವಾರದಿಂದ.

[      ಟ್ಯೂಷನ್‌ಗೆ ಸೇರಿಸಿ      ]
ತಿಂಗಳಿಗೆ ₹1,200. ಮೊದಲ ವಾರ ಉಚಿತ.
```

ತಲೆಬರಹ ಒಂದೇ. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದ ಇನ್ನೊಂದು ಸಾಲು ಇಡೀ ಪುಟದಲ್ಲಿ ಎಲ್ಲೂ ಇರಬಾರದು. "ಮೈಸೂರಿನ ನಂಬರ್ ಒನ್" ಬೇಡ ಅಂತ ನೀವೇ ಹೇಳಿದಿರಿ, ನನಗೂ ಅದೇ ಸರಿ ಅನಿಸಿತು. ನೀವು ಮೊದಲ ವಾರ ಪಾಠವನ್ನೇ ಮಾಡುವುದಿಲ್ಲ, ಎಂಟನೇ ಒಂಬತ್ತನೇ ಕ್ಲಾಸಿನ ಲೆಕ್ಕ ಕೊಟ್ಟು ಮಗು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತೀರಿ ಅಲ್ವಾ, ತಲೆಬರಹ ಹುಟ್ಟಿದ್ದೇ ಅಲ್ಲಿಂದ. ಬೇರೆ ಟ್ಯೂಷನ್ನಿನ ಬೋರ್ಡಿಗೆ ಈ ಸಾಲು ಎತ್ತಿ ಅಂಟಿಸಿದರೆ ಹೊಂದುವುದಿಲ್ಲ. ಅದಕ್ಕೇ ಇದನ್ನು ಇಟ್ಟಿದ್ದೇನೆ.

ಪುಟ ಕಟ್ಟುವವರಿಗೆ: ತಲೆಬರಹ ಮೇಲೆ ತೋರಿಸಿದ ಹಾಗೆ ಮೂರು ಸಾಲಾಗಿಯೇ ಒಡೆಯಬೇಕು. ಅಕ್ಷರ 28 ಪಿಕ್ಸೆಲ್, ಫಾಂಟ್ Noto Sans Kannada. ಸಾಲುಗಳ ಅಂತರ `line-height: 1.5`ಕ್ಕಿಂತ ಕಡಿಮೆ ಮಾಡಬೇಡಿ. ಇಂಗ್ಲಿಷ್ ತಲೆಬರಹಕ್ಕೆ 1.2 ಸಾಕಾಗುತ್ತದೆ, ನಮಗೆ ಸಾಕಾಗುವುದಿಲ್ಲ. ಎರಡನೇ ಸಾಲಿನ "ತಡವರಿಸುತ್ತದೋ" ನೋಡಿ. ಅದರ ತ-ಒತ್ತು ಕೆಳಗೆ ಇಳಿಯುತ್ತದೆ, ಮೂರನೇ ಸಾಲಿನ "ಅಲ್ಲಿಂದಲೇ" ಮೇಲಿನ ಗುಡಿಸು ಅದಕ್ಕೆ ತಾಗುತ್ತದೆ. ತಾಗಿದರೆ ಓದುವವರಿಗೆ ಏನು ಕಷ್ಟ ಅಂತ ಗೊತ್ತಾಗುವುದಿಲ್ಲ, ಆದರೆ ಕಣ್ಣು ಒಂದು ಕ್ಷಣ ತಡೆಯುತ್ತದೆ. ಫಾಂಟ್ ಇಳಿದುಬರುವ ತನಕ ಸಾಲು ಖಾಲಿ ಇರಬಾರದು. `font-display: swap` ಹಾಕಿ, ಫೋನಿನಲ್ಲಿರುವ ಕನ್ನಡ ಅಕ್ಷರದಲ್ಲೇ ಮೊದಲು ಕಾಣಲಿ.

ಫೀಸು ಬಟನ್ ಕೆಳಗೇ ಇದೆ. "ಫೋನ್ ಮಾಡಿದಾಗ ಹೇಳೋಣ" ಅಂದಿದ್ದಿರಿ. ದಯವಿಟ್ಟು ಇಲ್ಲೇ ಇರಲಿ. ಫೀಸು ಬಚ್ಚಿಟ್ಟಿರುವ ಕಡೆ ಜಾಸ್ತಿ ಇರುತ್ತದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ₹1,200 ನಾಚಿಕೊಳ್ಳುವ ಮೊತ್ತ ಅಲ್ಲ.

ನಂಬಲು ಕಾರಣ

ಇದು ಪುಟದ ಜೀವ. ಇಲ್ಲಿ ಜಾಗ ಧಾರಾಳವಾಗಿ ಕೊಟ್ಟಿದ್ದೇನೆ.

ಮೊದಲು ಒಂದು ಫೋಟೋ, ಪರದೆಯ ಪೂರ್ತಿ ಅಗಲಕ್ಕೆ. ಕ್ಲಾಸಿನ ಫೋಟೋ ಅಲ್ಲ, ಮಕ್ಕಳ ಮುಖವೂ ಅಲ್ಲ. ನೀವು ತಿದ್ದಿದ ಒಂದು ಉತ್ತರ ಪತ್ರಿಕೆ. ಮೊನ್ನೆ ನೀವು ತೋರಿಸಿದ್ದೇ ಸಾಕು: `x² − 7x + 12 = 0` ಬಿಡಿಸುವಾಗ ಮಗು `(x + 3)(x + 4) = 0` ಅಂತ ಬರೆದಿದೆ. ಎರಡೂ ಪ್ಲಸ್ ಚಿಹ್ನೆಗಳಿಗೆ ಕೆಂಪು ಸುತ್ತು, ಪಕ್ಕದಲ್ಲಿ ನಿಮ್ಮ ಕೈಬರಹ: "12 ಸರಿ ಬಂತು. ಕೂಡಿದರೆ −7 ಬರುತ್ತಾ?" ಇದನ್ನು ನೋಡಿದ ಅಮ್ಮನಿಗೆ ಗಣಿತ ಬರದಿದ್ದರೂ ಒಂದು ಗೊತ್ತಾಗುತ್ತದೆ. ಇವರು ಸುಮ್ನೆ ಇಂಟು ಹಾಕಿ ಬಿಡುವವರಲ್ಲ. ಎಷ್ಟು ವರ್ಣನೆ ಬರೆದರೂ ಈ ಕೆಂಪು ಸುತ್ತಿನಷ್ಟು ಹೇಳಲು ಆಗುವುದಿಲ್ಲ.

ಫೋಟೋ ತೆಗೆಯುವಾಗ ಮಗುವಿನ ಹೆಸರು, ರಿಜಿಸ್ಟರ್ ನಂಬರ್, ಶಾಲೆ ಕಾಣದ ಹಾಗೆ ಮಡಚಿ. ಆ ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಕಿಟಕಿ ಪಕ್ಕ ಹಗಲಿನ ಬೆಳಕಲ್ಲಿ ತೆಗೆದರೆ ಕೆಂಪು ಶಾಯಿ ಚೆನ್ನಾಗಿ ಬರುತ್ತದೆ. ಪುಟಕ್ಕೆ ಹಾಕುವಾಗ 100 ಕೆಬಿ ಒಳಗೆ ಇಳಿಸಬೇಕು.

ಫೋಟೋ ಕೆಳಗಿನ ಸಾಲು:

"ತಪ್ಪಿದ್ದು ಒಂದೇ ಹೆಜ್ಜೆ. ಆ ಹೆಜ್ಜೆಯನ್ನೇ ಮತ್ತೆ ಮಾಡಿಸುತ್ತೇವೆ."

ಆಮೇಲೆ ಮೂರು ಮಾತು, ಒಂದರ ಕೆಳಗೆ ಒಂದು. ಚಿಹ್ನೆ, ಚಿತ್ರ ಏನೂ ಬೇಡ. ಮೊದಲ ಸಾಲು ಮಾತ್ರ ದಪ್ಪ ಅಕ್ಷರ, 18 ಪಿಕ್ಸೆಲ್.

"14 ವರ್ಷ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಗಣಿತ ಹೇಳಿದವರು. ಪಾಠ ಮಾಡುವುದೂ ಪೇಪರ್ ತಿದ್ದುವುದೂ ಅವರೇ. ಬೇರೆಯವರನ್ನು ಕಳಿಸುವುದಿಲ್ಲ."

"ಪ್ರತಿ ಶನಿವಾರ 20 ಅಂಕದ ಪೇಪರ್. ತಿದ್ದಿದ ಪತ್ರಿಕೆ ಸೋಮವಾರ ಮನೆಗೆ ಬರುತ್ತದೆ. ನೋಡಿ ಸಹಿ ಹಾಕಿ ಕಳಿಸಿ."

"ಡಿಸೆಂಬರ್‌ನಿಂದ ಪೂರ್ತಿ ಪರೀಕ್ಷೆ. ಬೋರ್ಡ್ ಪರೀಕ್ಷೆಯ ಹಾಗೆಯೇ 80 ಅಂಕ, 3 ಗಂಟೆ 15 ನಿಮಿಷ. ಸಮಯ ಸಾಲದೆ ಬಿಟ್ಟುಬರುವ ಲೆಕ್ಕ ಕಡಿಮೆ ಆಗಬೇಕು ಅನ್ನುವುದೇ ಇದರ ಉದ್ದೇಶ."

ಫಲಿತಾಂಶದ ಶೇಕಡಾ ಲೆಕ್ಕ ಹಾಕಿಲ್ಲ, ಬೇಕಂತಲೇ. ಒಂದು ವರ್ಷಕ್ಕೆ 24 ಮಕ್ಕಳು ಇರುವ ಕಡೆ ಶೇಕಡಾ ಹೇಳಿದರೆ ಅದು ಏನನ್ನೂ ಹೇಳಿದ ಹಾಗೆ ಆಗುವುದಿಲ್ಲ. "ಖಚಿತ 100ಕ್ಕೆ 100" ಅಂತೂ ಬೇಡವೇ ಬೇಡ. ಕೋಚಿಂಗ್ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಸುಳ್ಳು ಭರವಸೆ ಕೊಡಬಾರದು, ಒಪ್ಪಿಗೆ ಇಲ್ಲದೆ ವಿದ್ಯಾರ್ಥಿಯ ಹೆಸರು, ಫೋಟೋ ಬಳಸಬಾರದು, "ಈಗಲೇ ಸೇರದಿದ್ದರೆ ಸೀಟಿಲ್ಲ" ಅಂತ ಸುಳ್ಳು ಅವಸರ ಹುಟ್ಟಿಸಬಾರದು ಅನ್ನುತ್ತದೆ ಅದು. ಅದರಲ್ಲಿ ಕೋಚಿಂಗ್ ಕೇಂದ್ರ ಅಂದರೆ 50ಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆ. ನಮ್ಮದು ಸಣ್ಣದು. ಆದರೂ ನಮ್ಮ ಪುಟ ಆ ನಿಯಮದ ಮುಂದೆ ತಲೆ ಎತ್ತಿ ನಿಲ್ಲುವ ಹಾಗಿರಲಿ.

"ಪೋಷಕರ ಮೆಚ್ಚುಗೆ" ವಿಭಾಗವನ್ನೂ ಬಿಟ್ಟಿದ್ದೇನೆ. ಹೆಸರಿಲ್ಲದ ಹೊಗಳಿಕೆಯನ್ನು ಯಾರೂ ನಂಬುವುದಿಲ್ಲ.

ಸಮಯ ಮತ್ತು ಜಾಗ

"ಕನ್ನಡ ಮಾಧ್ಯಮ: ಸಂಜೆ 5:00 ರಿಂದ 6:15. ಇಂಗ್ಲಿಷ್ ಮಾಧ್ಯಮ: 6:30 ರಿಂದ 7:45. ಸೋಮವಾರದಿಂದ ಶುಕ್ರವಾರ. ಶನಿವಾರ ಪರೀಕ್ಷೆ. ಕುವೆಂಪುನಗರದಲ್ಲಿ, ಮೇಡಂ ಮನೆಯ ಮೊದಲ ಮಹಡಿ. ಸೈಕಲ್ ನಿಲ್ಲಿಸಲು ಗೇಟಿನ ಒಳಗೆ ಜಾಗ ಇದೆ."

ಮ್ಯಾಪ್ ಬೇಡ. ಅದನ್ನು ಒತ್ತಿದವರು ಬೇರೆ ಆ್ಯಪ್‌ಗೆ ಹೋಗುತ್ತಾರೆ, ಎಲ್ಲರೂ ವಾಪಸ್ ಬರುವುದಿಲ್ಲ. ಮನೆಗೆ ಬರುವ ದಾರಿಯನ್ನು ಸೇರಿದವರಿಗೆ ಫೋನಿನಲ್ಲಿ ಹೇಳೋಣ.

ಬಟನ್

ಪುಟದಲ್ಲಿ ಒತ್ತಲು ಇರುವುದು ಇದೊಂದೇ. ಕರೆ ಮಾಡುವ ಗುಂಡಿ, ವಾಟ್ಸಾಪ್ ಗುಂಡಿ, ಬ್ರೋಷರ್ ಡೌನ್‌ಲೋಡ್ ಯಾವುದೂ ಇಲ್ಲ. ನಾಲ್ಕು ದಾರಿ ಇಟ್ಟರೆ ಆಮೇಲೆ ನೋಡೋಣ ಅಂತ ಪುಟ ಮುಚ್ಚುತ್ತಾರೆ. ನಿಮಗೂ ಹೆಸರುಗಳು ನಾಲ್ಕು ಕಡೆ ಚದುರುತ್ತವೆ.

ಮೊದಲ ಪರದೆಯಲ್ಲಿ ಅದು ತನ್ನ ಜಾಗದಲ್ಲಿರುತ್ತದೆ. ಕೆಳಗೆ ಸರಿಸಿ ಅದು ಮರೆಯಾದ ಕೂಡಲೇ ಪರದೆಯ ತಳಕ್ಕೆ ಬಂದು ನಿಲ್ಲಬೇಕು. ಒಂದೇ ಸಲ ಎರಡು ಬಟನ್ ಕಾಣಬಾರದು. ಎತ್ತರ 52 ಪಿಕ್ಸೆಲ್, ಅಗಲ ಪೂರ್ತಿ, ಎಡಬಲಕ್ಕೆ 16 ಬಿಡಿ. ಹಿನ್ನೆಲೆ `#0B5D3B`, ಅಕ್ಷರ ಬಿಳಿ. ಈ ಹಸಿರು ಪುಟದಲ್ಲಿ ಬೇರೆಲ್ಲೂ ಬರಬಾರದು.

ಒತ್ತಿದರೆ ಬೇರೆ ಪುಟಕ್ಕೆ ಹೋಗುವುದು ಬೇಡ. ಕೆಳಗಿನಿಂದ ಒಂದು ಹಾಳೆ ಮೇಲೇರಲಿ:

```
ನಿಮ್ಮ ಹೆಸರು (ಅಪ್ಪ / ಅಮ್ಮ / ಪೋಷಕರು)
ನಿಮ್ಮ ಮೊಬೈಲ್ ನಂಬರ್
ಮಾಧ್ಯಮ:  ( ) ಕನ್ನಡ   ( ) ಇಂಗ್ಲಿಷ್

[      ಟ್ಯೂಷನ್‌ಗೆ ಸೇರಿಸಿ      ]
ಈಗ ಹಣ ಕಟ್ಟಬೇಕಿಲ್ಲ. ಈ ನಂಬರನ್ನು
ಟ್ಯೂಷನ್ ವಿಷಯಕ್ಕೆ ಮಾತ್ರ ಬಳಸುತ್ತೇವೆ.
```

ಮಗುವಿನ ಹೆಸರು, ಶಾಲೆ, ಒಂಬತ್ತನೇ ಕ್ಲಾಸಿನ ಅಂಕ ಯಾವುದನ್ನೂ ಇಲ್ಲಿ ಕೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಆ ಮಾತುಗಳನ್ನು ಮನೆಯವರ ಜೊತೆ ಕೂತು ಕೇಳುವುದೇ ಒಳ್ಳೆಯದು. ಅಂಕ ಕೇಳಿದ ಕೂಡಲೇ ಕಡಿಮೆ ಅಂಕದ ಮಗುವಿನ ಅಮ್ಮ ಹಿಂಜರಿಯುತ್ತಾರೆ. ನಮಗೆ ಮೊದಲು ಬೇಕಾದವರೇ ಅವರು.

ನಂಬರಿನ ಖಾನೆ ಹೀಗಿರಲಿ:

```html
<input type="tel" id="phone" autocomplete="tel-national">
```

`maxlength="10"` ಹಾಕಬೇಡಿ. `+91` ಸಮೇತ ಪೇಸ್ಟ್ ಮಾಡಿದವರ ನಂಬರಿನ ಕೊನೆಯ ಅಂಕೆಗಳು ಹಾರಿಹೋಗುತ್ತವೆ. ಏನು ಬಂದರೂ ತೆಗೆದುಕೊಂಡು, `+91`, ಖಾಲಿ ಜಾಗ, ಅಡ್ಡಗೆರೆಗಳನ್ನು ನೀವೇ ತೆಗೆಯಿರಿ. ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನಿನಲ್ಲಿ ಪರದೆ ತಾನಾಗಿ ಹಿಗ್ಗುತ್ತದೆ, ಅದನ್ನೂ ನೋಡಿಕೊಳ್ಳಿ.

ಬೇರೆ ಬೇರೆ ಹೊತ್ತಿನಲ್ಲಿ ಕಾಣಬೇಕಾದ ಮಾತುಗಳು:

ನಂಬರ್ ತಪ್ಪಿದ್ದರೆ, ಖಾನೆಯ ಕೆಳಗೇ: "ನಂಬರಿನಲ್ಲಿ 10 ಅಂಕೆ ಇರಬೇಕು. ಒಮ್ಮೆ ನೋಡಿ."

ನೆಟ್ ಕೈಕೊಟ್ಟರೆ: "ಇನ್ನೂ ನಮಗೆ ತಲುಪಿಲ್ಲ. ನೀವು ಬರೆದದ್ದು ಇಲ್ಲೇ ಇದೆ, ಮತ್ತೊಮ್ಮೆ ಒತ್ತಿ." ಬರೆದದ್ದು ನಿಜವಾಗಿಯೂ ಅಲ್ಲೇ ಇರಬೇಕು.

ತಲುಪಿದ ಮೇಲೆ: "ನಿಮ್ಮ ನಂಬರ್ ಬಂತು. ನಾಳೆ ಬೆಳಗ್ಗೆ 10ರಿಂದ 12ರ ಒಳಗೆ ಮೇಡಂ ಫೋನ್ ಮಾಡುತ್ತಾರೆ. ಮೊದಲ ವಾರ ನೋಡಿ, ಮಗುವಿಗೆ ಇಷ್ಟವಾದರೆ ಮಾತ್ರ ಫೀಸು." ಮೇಡಂ, ಈ ಸಾಲು ಒಪ್ಪುವ ಮೊದಲು ಯೋಚಿಸಿ. ಆ ಎರಡು ಗಂಟೆ ಪ್ರತಿ ದಿನ ನಿಮಗೆ ಆಗುವುದಿಲ್ಲ ಅಂದರೆ ಸಮಯ ಬದಲಿಸೋಣ. ಬರೆದ ಮೇಲೆ ಫೋನ್ ಹೋಗಲೇಬೇಕು.

ಒಂದು ಬ್ಯಾಚ್ ತುಂಬಿದರೆ ಆ ಮಾಧ್ಯಮದ ಪಕ್ಕ: "12 ಮಕ್ಕಳು ತುಂಬಿದರು. ನಂಬರ್ ಕೊಟ್ಟಿರಿ, ಜಾಗ ಆದರೆ ಮೊದಲು ನಿಮಗೇ ಹೇಳುತ್ತೇವೆ." ಎರಡೂ ತುಂಬಿದರೆ ಬಟನ್ ಮೇಲಿನ ಮಾತು "ಕಾಯುವ ಪಟ್ಟಿಗೆ ಸೇರಿಸಿ" ಅಂತ ಬದಲಾಗಲಿ. ಜಾಗ, ಬಣ್ಣ, ಎತ್ತರ ಎಲ್ಲ ಅದೇ. ಬ್ಯಾಚ್ ತುಂಬಿತೋ ಇಲ್ಲವೋ ಅನ್ನುವುದನ್ನು ಮೇಡಂ ತಮ್ಮ ಫೋನಿನಿಂದಲೇ ಬದಲಿಸುವಂತಿರಬೇಕು, ಅದಕ್ಕಾಗಿ ನಮ್ಮಿಬ್ಬರಲ್ಲಿ ಯಾರನ್ನೂ ಕಾಯುವಂತೆ ಆಗಬಾರದು.