ವಿಷಯ: 08-07-2025ರ ಸಂಜೆ ತಪ್ಪಾಗಿ ತಮಗೆ ಬಂದಿರುವ ಇ-ಮೇಲ್ ಮತ್ತು ಅದರ ಲಗತ್ತನ್ನು ಅಳಿಸಲು ಕೋರಿಕೆ – ತುರ್ತು

ಸಾಗರ
09-07-2025, ಬುಧವಾರ

ಮಾನ್ಯ ಶ್ರೀ ಮಂಜುನಾಥ ಕೆ. ಆರ್. ಅವರಿಗೆ,

ನಮಸ್ಕಾರಗಳು.

ನಿನ್ನೆ ಮಂಗಳವಾರ ಸಂಜೆ 5 ಗಂಟೆ 47 ನಿಮಿಷಕ್ಕೆ ನಮ್ಮ ಸಹಕಾರ ಸಂಘದ ಕಚೇರಿಯಿಂದ ತಮ್ಮ ಮುದ್ರಣಾಲಯದ ಇ-ಮೇಲ್ ವಿಳಾಸಕ್ಕೆ `Overdue_List_31032025.xlsx` ಎಂಬ ಕಡತ ಲಗತ್ತಿಸಿದ ಒಂದು ಮೇಲ್ ಬಂದಿದೆ. ಅದು ತಮಗೆ ಉದ್ದೇಶಿಸಿದ್ದಲ್ಲ. ದಯವಿಟ್ಟು ಆ ಕಡತವನ್ನು ತೆರೆಯಬೇಡಿ, ಈಗಾಗಲೇ ತೆರೆದಿದ್ದರೆ ಮುಚ್ಚಿಬಿಡಿ, ಮತ್ತು ಮೇಲನ್ನೂ ಲಗತ್ತನ್ನೂ ಅವು ಎಲ್ಲೆಲ್ಲಿ ಉಳಿದಿರಬಹುದೋ ಅಲ್ಲೆಲ್ಲ ಅಳಿಸಿಹಾಕಬೇಕೆಂದು ಕೋರುತ್ತೇನೆ. ಬೆಳಿಗ್ಗೆ ಮುದ್ರಣಾಲಯದ ದೂರವಾಣಿಗೆ ಎರಡು ಸಲ ಕರೆ ಮಾಡಿದೆ, ಯಾರೂ ಸಿಗಲಿಲ್ಲ. ಸಿಕ್ಕಿದ್ದರೂ ಈ ಕೋರಿಕೆ ಬರಹದಲ್ಲಿಯೇ ಇರಬೇಕಾದದ್ದು, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೇಲನ್ನು ಕಳುಹಿಸಿದವಳು ನಾನೇ. ಅದು ಶಿವಮೊಗ್ಗದಲ್ಲಿರುವ ನಮ್ಮ ಲೆಕ್ಕಪರಿಶೋಧಕರಿಗೆ ಹೋಗಬೇಕಿತ್ತು. ಅವರ ಹೆಸರೂ ಮಂಜುನಾಥ, ಇನಿಶಿಯಲ್ ಮಾತ್ರ ಕೆ. ಎನ್. ಕಳೆದ ವರ್ಷದ ವಾರ್ಷಿಕ ವರದಿಯ ಪ್ರೂಫ್ ತಿದ್ದುಪಡಿಗಾಗಿ ತಮಗೆ ಹಲವು ಸಲ ಬರೆದಿದ್ದರಿಂದ ತಮ್ಮ ವಿಳಾಸವೂ ನಮ್ಮ ಕಂಪ್ಯೂಟರಿನ ನೆನಪಿನಲ್ಲಿತ್ತು; ಹೆಸರಿನ ಮೊದಲ ನಾಲ್ಕು ಅಕ್ಷರ ಒತ್ತುತ್ತಿದ್ದಂತೆ ಅದೇ ಮೇಲೆ ಬಂತು, ಇನಿಶಿಯಲ್ ನೋಡದೆ ನಾನು ಒಪ್ಪಿಕೊಂಡೆ. ಕಚೇರಿ ಮುಚ್ಚುವ ಹೊತ್ತಿನ ಅವಸರವನ್ನು ಕಾರಣವಾಗಿ ಹೇಳಬಹುದು, ಆದರೆ ಅದು ನೆಪವೇ ಹೊರತು ಸಮಜಾಯಿಷಿಯಲ್ಲ. ಇಂದು ಬೆಳಿಗ್ಗೆ ಒಂಬತ್ತೂವರೆಗೆ ಲೆಕ್ಕಪರಿಶೋಧಕರ ಕಚೇರಿಯವರು "ಪಟ್ಟಿ ಇನ್ನೂ ಬಂದಿಲ್ಲವಲ್ಲ" ಎಂದು ಕೇಳಿದಾಗಲೇ ನನಗೆ ವಿಷಯ ತಿಳಿದದ್ದು. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ತಡೆಯಲು ಹೆಚ್ಚೆಂದರೆ 30 ಸೆಕೆಂಡುಗಳ ಅವಕಾಶವಿರುತ್ತದೆ. ನನಗೆ ತಿಳಿಯುವ ಹೊತ್ತಿಗೆ ಒಂದು ರಾತ್ರಿಯೇ ಕಳೆದಿತ್ತು. ಹಾಗಾಗಿ ಇದನ್ನು ಸರಿಪಡಿಸುವುದು ಈಗ ನನ್ನ ಕೈಯಲ್ಲಿಲ್ಲ, ತಮ್ಮ ಕೈಯಲ್ಲಿದೆ.

ಆ ಕಡತದಲ್ಲಿ ಏನಿದೆ ಎಂಬುದನ್ನು ಮುಚ್ಚಿಟ್ಟು ಬರೀ "ಗೌಪ್ಯ" ಎಂದರೆ ಕೋರಿಕೆಯ ತೂಕ ತಿಳಿಯುವುದಿಲ್ಲವೆಂದು ಸ್ಥೂಲವಾಗಿ ಹೇಳುತ್ತೇನೆ. 2025ರ ಮಾರ್ಚ್ 31ಕ್ಕೆ ನಮ್ಮಲ್ಲಿ ಸಾಲ ಸುಸ್ತಿಯಾಗಿರುವ 187 ಸದಸ್ಯರ ಹೆಸರು, ಊರು, ಮೊಬೈಲ್ ಸಂಖ್ಯೆ, ಉಳಿತಾಯ ಖಾತೆಯ ಸಂಖ್ಯೆ, ಬಾಕಿಯಿರುವ ಅಸಲು ಮತ್ತು ಬಡ್ಡಿ, ಜೊತೆಗೆ ಪ್ರತಿ ಸಾಲದ ಜಾಮೀನುದಾರರ ಹೆಸರುಗಳು ಅದರಲ್ಲಿವೆ. ಎರಡನೆಯ ಹಾಳೆಯಲ್ಲಿ, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡುವ ಬಗ್ಗೆ ಆಡಳಿತ ಮಂಡಳಿ ಇನ್ನೂ ಯೋಚಿಸುತ್ತಿರುವ 11 ಪ್ರಕರಣಗಳ ಟಿಪ್ಪಣಿ ಇದೆ. ಆಧಾರ್ ಸಂಖ್ಯೆಯಾಗಲಿ, ಯಾವುದೇ ಪಾಸ್‌ವರ್ಡ್ ಆಗಲಿ ಅದರಲ್ಲಿಲ್ಲ. ಕಡತಕ್ಕೂ ಪಾಸ್‌ವರ್ಡ್ ಹಾಕಿರಲಿಲ್ಲ. ಹಾಕಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ.

ಖಾತೆ ಸಂಖ್ಯೆಯೊಂದು ಗೊತ್ತಾದ ಮಾತ್ರಕ್ಕೆ ಯಾರೂ ಹಣ ತೆಗೆಯಲಾಗದು ಎಂಬುದು ನಿಜ. ಆದರೆ ಹೆಸರು, ಮೊಬೈಲ್ ಸಂಖ್ಯೆ, ಬಾಕಿ ಇರುವ ಮೊತ್ತ ಇವು ಮೂರೂ ಒಟ್ಟಿಗೆ ಸಿಕ್ಕರೆ "ಸಂಘದಿಂದ ಮಾತನಾಡುತ್ತಿದ್ದೇವೆ, ಇಂದೇ ಇಷ್ಟು ಕಟ್ಟಿದರೆ ಬಡ್ಡಿ ಮನ್ನಾ" ಎಂದು ಕರೆ ಮಾಡುವ ವಂಚಕನನ್ನು ನಂಬದಿರುವುದು ಕಷ್ಟ, ಏಕೆಂದರೆ ಅವನು ಹೇಳುವ ಅಂಕಿ ರೂಪಾಯಿಗೆ ಸರಿಯಾಗಿರುತ್ತದೆ. ಅದಕ್ಕಿಂತ ಹತ್ತಿರದ ಚಿಂತೆ ಇನ್ನೊಂದಿದೆ. ನಮ್ಮದು ಎಲ್ಲರಿಗೂ ಎಲ್ಲರ ಗುರುತಿರುವ ತಾಲ್ಲೂಕು. ಕೊಳೆ ರೋಗಕ್ಕೆ ಅಡಿಕೆ ಕಳೆದುಕೊಂಡು ಕಂತು ತಪ್ಪಿಸಿದವರು, ಮನೆಯ ಆಸ್ಪತ್ರೆ ಖರ್ಚಿನಿಂದ ಹಿಂದೆ ಬಿದ್ದವರು ಈ ಪಟ್ಟಿಯಲ್ಲಿದ್ದಾರೆ; ಬರುವ ಫಸಲಿನಲ್ಲಿ ತೀರಿಸುತ್ತೇವೆಂದು ನಮ್ಮೆದುರು ಕುಳಿತು ಹೇಳಿ ಹೋದವರಿದ್ದಾರೆ. ಸುಸ್ತಿದಾರ ಎಂಬ ಮಾತು ಪೇಟೆಯಲ್ಲಿ ಒಮ್ಮೆ ಓಡಾಡಿದರೆ ಸಾಲ ತೀರಿದ ಮೇಲೂ ಅದು ಬಿಡುವುದಿಲ್ಲ. ತಮಗೆ ಪರಿಚಿತರಾದವರ ಹೆಸರೂ ಅದರಲ್ಲಿ ಇರಬಹುದು. ಅಕಸ್ಮಾತ್ ಕಣ್ಣಿಗೆ ಬಿದ್ದಿದ್ದರೆ, ಆ ವಿಷಯ ತಮ್ಮಲ್ಲಿಯೇ ನಿಲ್ಲಲಿ, ಮನೆಯಲ್ಲಿಯೂ ಮಾತಿಗೆ ಬಾರದಿರಲಿ ಎಂಬುದು ಅಳಿಸುವ ಕೋರಿಕೆಯಷ್ಟೇ ಮುಖ್ಯವಾದ ನನ್ನ ಇನ್ನೊಂದು ಕೋರಿಕೆ.

ತಮ್ಮದು ಮುದ್ರಣಾಲಯವಾದ್ದರಿಂದ ನನಗೆ ವಿಶೇಷವಾಗಿ ತೋರಿದ ಒಂದು ಆತಂಕವನ್ನು ಬಿಡಿಸಿ ಹೇಳಬೇಕು. ನಮ್ಮ ಸಂಘದ ಹೆಸರಿನಿಂದ ಬಂದ ಕಡತವನ್ನು ಡಿ.ಟಿ.ಪಿ. ಮಾಡುವವರು ಈ ವರ್ಷದ ವಾರ್ಷಿಕ ವರದಿಗೆ ಬಂದ ಪಟ್ಟಿಯೆಂದು ತಿಳಿದು ಕೆಲಸಕ್ಕೆ ಎತ್ತಿಕೊಂಡಿರಬಹುದು. ವಾರ್ಷಿಕ ವರದಿಗೆ ನಾವು ಇನ್ನೂ ಏನನ್ನೂ ಕಳುಹಿಸಿಲ್ಲ. ಅದರ ಸಾಮಗ್ರಿ ಆಗಸ್ಟ್‌ನಲ್ಲಿ, ನನ್ನ ಸಹಿಯಿರುವ ಪ್ರತ್ಯೇಕ ಪತ್ರದೊಂದಿಗೆ ಬರುತ್ತದೆ. ಅಲ್ಲಿಯವರೆಗೆ ನಮ್ಮ ಹೆಸರಿನಲ್ಲಿ ಏನನ್ನೂ ಜೋಡಿಸಬೇಡಿ, ಮುದ್ರಿಸಬೇಡಿ. ಈಗಾಗಲೇ ಪುಟ ಕಟ್ಟಿದ್ದರೆ ಆ ಕಡತವನ್ನೂ, ಪ್ರೂಫ್ ತೆಗೆದಿದ್ದರೆ ಆ ಹಾಳೆಗಳನ್ನೂ ನಾಶಪಡಿಸಬೇಕಾಗುತ್ತದೆ. ಹಾಳೆಗಳನ್ನು ರದ್ದಿಗೆ ಹಾಕುವುದು, ಹಿಂಬದಿ ಖಾಲಿ ಇದೆಯೆಂದು ಲೆಕ್ಕ ಬರೆಯಲು ಇಟ್ಟುಕೊಳ್ಳುವುದು ಆಗಬಾರದು. ದಯವಿಟ್ಟು ಹರಿದು ಸುಡಿ, ಇಲ್ಲವೇ ತೆಗೆದಿಟ್ಟು ನಮಗೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.

ಇನ್ನು ಅಳಿಸುವ ಬಗೆ. ತಮಗೆ ಗೊತ್ತಿಲ್ಲದ್ದೆಂದಲ್ಲ, ಒಂದು ಜಾಗವೂ ತಪ್ಪಿಹೋಗದಿರಲಿ ಎಂದು ಬರೆಯುತ್ತಿದ್ದೇನೆ. ಮೇಲನ್ನು ಅಳಿಸಿದರೆ ಅದು `Trash`ಗೆ ಹೋಗಿ ಅಲ್ಲಿ 30 ದಿನ ಇರುತ್ತದೆ. ಆದ್ದರಿಂದ ಅಲ್ಲಿಗೂ ಹೋಗಿ `Delete forever` ಒತ್ತಬೇಕು. ಒಂದೇ ವಿಳಾಸವನ್ನು ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ನೋಡುತ್ತಿದ್ದರೆ, ಒಂದು ಕಡೆ ಅಳಿಸಿದ್ದು ಸಾಮಾನ್ಯವಾಗಿ ಇನ್ನೊಂದು ಕಡೆಯೂ ಹೋಗುತ್ತದೆ; ಆದರೆ ಔಟ್‌ಲುಕ್‌ನಂತಹ ತಂತ್ರಾಂಶ ಮೇಲ್‌ಗಳನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳುವಂತೆ ಹೊಂದಿಸಿದ್ದರೆ ಅದರೊಳಗಿನ ಪ್ರತಿಯನ್ನು ಬೇರೆಯಾಗಿಯೇ ಅಳಿಸಬೇಕಾಗುತ್ತದೆ. ಲಗತ್ತನ್ನು ಯಾರಾದರೂ ಇಳಿಸಿಕೊಂಡಿದ್ದರೆ ಅದು `Downloads` ಕಡತಕೋಶದಲ್ಲಿ, ಅಳಿಸಿದ ಬಳಿಕ `Recycle Bin`ನಲ್ಲಿ ಇರುತ್ತದೆ. ಸಾಮಾನ್ಯವಾಗಿ ಮರೆತುಹೋಗುವುದು ವಾಟ್ಸ್‌ಆ್ಯಪ್ ಮತ್ತು ಪೆನ್‌ಡ್ರೈವ್: ಕೆಲಸದ ಕಡತವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸಲು ನಾವೂ ಅವುಗಳನ್ನೇ ಬಳಸುತ್ತೇವೆ. ಹೀಗೆ ಎಲ್ಲಿಗಾದರೂ ಹೋಗಿದೆಯೇ ಎಂದು ನಿನ್ನೆ ಸಂಜೆಯಿಂದ ಕೆಲಸದಲ್ಲಿದ್ದವರನ್ನು ಒಮ್ಮೆ ಕೇಳಿನೋಡಿ. ನೆರವು ಬೇಕಾದರೆ ನಮ್ಮ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರನ್ನು ತಮ್ಮ ಬಿಡುವಿನ ಹೊತ್ತಿಗೆ ಕಳುಹಿಸುತ್ತೇನೆ; ತಾವು ಹೇಳದೆ ಅವರು ತಮ್ಮ ಯಂತ್ರಗಳನ್ನು ಮುಟ್ಟುವುದಿಲ್ಲ.

ಅಳಿಸಿದ ಬಳಿಕ ನಾಳೆ ಗುರುವಾರ ಸಂಜೆ 5 ಗಂಟೆಯೊಳಗೆ ಒಂದು ಸಾಲಿನ ಉತ್ತರ ಬರೆದರೆ ನಮಗೆ ದೊಡ್ಡ ಉಪಕಾರವಾಗುತ್ತದೆ. ಉತ್ತರವನ್ನು ನಿನ್ನೆಯ ಮೇಲಿಗೆ ಬರೆಯದೆ ಈ ಪತ್ರಕ್ಕೇ ಬರೆಯಿರಿ, ಏಕೆಂದರೆ ನಿನ್ನೆಯ ಮೇಲಿನ ಒಕ್ಕಣೆಯಲ್ಲಿಯೇ ಮೂವರು ಸದಸ್ಯರ ಹೆಸರು ಮತ್ತು ಮೊತ್ತವಿದೆ, ಉತ್ತರದ ಕೆಳಗೆ ಅದು ಮತ್ತೆ ಅಂಟಿಕೊಂಡು ಬರುತ್ತದೆ. ಪುರಾವೆಗೆಂದು ಕಡತವನ್ನು ಮರಳಿ ಕಳುಹಿಸುವುದಾಗಲಿ, ಪರದೆಯ ಚಿತ್ರ ತೆಗೆದು ಕಳುಹಿಸುವುದಾಗಲಿ ಬೇಡ. "ಮೇಲ್ ಮತ್ತು ಲಗತ್ತನ್ನು ಎಲ್ಲ ಕಡೆಯಿಂದ ಅಳಿಸಲಾಗಿದೆ, ಪ್ರತಿ ಉಳಿದಿಲ್ಲ, ಯಾರಿಗೂ ಕಳುಹಿಸಿಲ್ಲ" ಎಂಬ ತಮ್ಮ ಮಾತೇ ನಮಗೆ ಸಾಕು. ಹಾಗಲ್ಲದೆ, ಕಡತವನ್ನು ಯಾರಾದರೂ ತೆರೆದಿದ್ದರೆ ಅಥವಾ ಅದು ಬೇರೆಯವರಿಗೆ ಹೋಗಿದ್ದರೆ, ಅದನ್ನೂ ಇದ್ದದ್ದು ಇದ್ದಂತೆ ತಿಳಿಸಿ. ತಿಳಿಯದೆ ತೆರೆದವರ ಮೇಲೆ ನಮ್ಮದೇನೂ ಆಕ್ಷೇಪವಿಲ್ಲ, ಸಂಘದಿಂದ ಬಂದ ಮೇಲನ್ನು ತೆರೆಯುವುದು ಅವರ ಕೆಲಸವೇ. ಆದರೆ ಆಗ ನಾವು ಆ ಸದಸ್ಯರಿಗೆ ಎಚ್ಚರಿಕೆ ಹೇಳಬೇಕಾಗುತ್ತದೆ, ತಡವಾದಷ್ಟೂ ಆ ಎಚ್ಚರಿಕೆಯಿಂದ ಪ್ರಯೋಜನ ಕಡಿಮೆ.

ಇಂತಹ ಪತ್ರಗಳ ಕೊನೆಯಲ್ಲಿ ಕಾನೂನು ಕ್ರಮದ ಬೆದರಿಕೆಯ ಸಾಲೊಂದಿರುವುದು ವಾಡಿಕೆ. ತಪ್ಪು ಮಾಡಿದವರು ನಾವಾಗಿರುವಾಗ ತಮಗೆ ಅದನ್ನು ಬರೆಯುವುದು ಸಲ್ಲದು. ಬ್ಯಾಂಕ್ ಖಾತೆಯಂತಹ ಹಣಕಾಸಿನ ವಿವರಗಳನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬಂದ 2011ರ ನಿಯಮಗಳು ಸೂಕ್ಷ್ಮ ವೈಯಕ್ತಿಕ ಮಾಹಿತಿಯೆಂದು ಗುರುತಿಸಿವೆ, ಅದನ್ನು ಕಾಪಾಡುವ ಹೊಣೆ ಸಂಗ್ರಹಿಸಿದ ನಮ್ಮದು. ನಡೆದದ್ದನ್ನು ಸಂಘದ ಅಧ್ಯಕ್ಷರಿಗೂ ಲೆಕ್ಕಪರಿಶೋಧಕರಿಗೂ ಇಂದು ಬೆಳಿಗ್ಗೆಯೇ ತಿಳಿಸಿದ್ದೇನೆ. ತಮ್ಮ ಉತ್ತರದ ಪ್ರತಿಯನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇಡಲಿದ್ದೇನೆ. ಈ ವಿಷಯಕ್ಕೂ ವಾರ್ಷಿಕ ವರದಿಯ ಮುದ್ರಣಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದನ್ನೂ ಸ್ಪಷ್ಟಪಡಿಸುತ್ತೇನೆ. ಆ ಕೆಲಸದ ದರಪಟ್ಟಿಗಳನ್ನು ಎಂದಿನಂತೆ ಮಂಡಳಿಯೇ ನೋಡಿ ತೀರ್ಮಾನಿಸುತ್ತದೆ, ತಮ್ಮ ಉತ್ತರ ಏನೇ ಇದ್ದರೂ ಅದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ತಮ್ಮದಲ್ಲದ ತಪ್ಪಿಗೆ ತಮ್ಮ ಕೆಲಸದ ಹೊತ್ತನ್ನು ಕೇಳಬೇಕಾಗಿ ಬಂದುದಕ್ಕೆ ಕ್ಷಮೆ ಕೋರುತ್ತೇನೆ. ಕಚೇರಿಯ ದೂರವಾಣಿ ಸಂಖ್ಯೆ ತಮ್ಮ ಬಳಿ ಇದೆ. ಇಂದು ಸಂಜೆ 6ರವರೆಗೆ ನಾನು ಕಚೇರಿಯಲ್ಲಿಯೇ ಇರುತ್ತೇನೆ. ಅಷ್ಟರಲ್ಲಿ ತಮ್ಮ ಕರೆ ಬಾರದಿದ್ದರೆ ಮನೆಗೆ ಹೋಗುವ ದಾರಿಯಲ್ಲಿ ಮುದ್ರಣಾಲಯಕ್ಕೆ ಬಂದು ತಮ್ಮನ್ನು ಕಾಣುತ್ತೇನೆ.

ಇತಿ ತಮ್ಮ ವಿಶ್ವಾಸಿ,

ಸುಮಂಗಲಾ ವಿ. ಹೆಗಡೆ
ಮುಖ್ಯ ಕಾರ್ಯನಿರ್ವಹಣಾಧಿಕಾರಿ
ಸಹಕಾರ ಸಂಘದ ಕಚೇರಿ, ಸಾಗರ