ಸದ್ಯಕ್ಕೆ ವೇದಿಕೆ ಇಳಿಯುತ್ತಿದ್ದೇವೆ

ಕಲಬುರಗಿ

ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ಶರಣು ಶರಣಾರ್ಥಿ.

ನಮ್ಮ ತತ್ವಪದ ತಂಡಕ್ಕೆ ಇಪ್ಪತ್ತು ವರ್ಷ ತುಂಬಿದವು. ಈ ತಿಂಗಳ ಕೊನೆಯಿಂದ ಕಾರ್ಯಕ್ರಮ ನಿಲ್ಲಿಸುತ್ತಿದ್ದೇವೆ. ಮತ್ತೆ ಯಾವಾಗ ಅಂದರೆ, ತಾರೀಖು ಹೇಳಲಾರೆ. ಜಗಳವೇನೂ ಆಗಿಲ್ಲ, ಯಾರಾದರೂ ಹಾಗಂದರೆ ನಂಬಬೇಡಿ.

ಮುಖ್ಯ ಕಾರಣ ನನ್ನ ಗಂಟಲು. ಧ್ವನಿತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳಾಗಿವೆ, ನೇಗಿಲು ಹಿಡಿದ ಕೈ ಜಡ್ಡುಗಟ್ಟಿದ ಹಾಗೆ. ತಂತುಗಳು ಪೂರ್ತಿ ಕೂಡುವುದಿಲ್ಲ, ನಡುವೆ ಗಾಳಿ ಸೋರಿ ತಾರ ಷಡ್ಜ ಒಡೆಯುತ್ತದೆ. ಹಾರ್ಮೋನಿಯಂನ ಕಪ್ಪು ಎರಡರಿಂದ ಬಿಳಿ ಒಂದಕ್ಕೆ ಶ್ರುತಿ ಇಳಿಸಿದರೂ ನಡೆಯಲಿಲ್ಲ. ಜಾತ್ರೆಯ ಬಯಲಲ್ಲಿ ಮಾನಿಟರ್ ಸ್ಪೀಕರ್ ಇಲ್ಲದಿದ್ದರೆ ಹಾಡುವವನಿಗೆ ತನ್ನ ದನಿಯೇ ಕೇಳಿಸದು; ಆಗ ಹಾಡು ಕೂಗಾಗುತ್ತದೆ. ಎಳೆಯ ಗಾಯಕರೇ, ಮೊದಲು ಮಾನಿಟರ್ ಕೇಳಿ, ಆಮೇಲೆ ಸನ್ಮಾನದ ಶಾಲು. ಪಿಸುಮಾತೂ ತಂತುಗಳಿಗೆ ವಿಶ್ರಾಂತಿಯಲ್ಲ, ನೆನಪಿರಲಿ.

ಮುಂಗಡ ಕೊಟ್ಟವರಿಗೆ ಪೂರ್ತಿ ಹಣ 15 ದಿನದೊಳಗೆ, ಬಂದ ಖಾತೆಗೇ ಮರಳುತ್ತದೆ. ನಗದು ಕೊಟ್ಟವರು ರಸೀದಿ ತನ್ನಿ. ಓಟಿಪಿ, ಪಿನ್ ಯಾರೂ ಕೇಳುವುದಿಲ್ಲ, ಕೇಳಿದರೆ ಮೋಸ. ನಮ್ಮ ಹೆಸರಲ್ಲಿ ಹೊಸ ತಾರೀಖು ಕೊಟ್ಟು ದುಡ್ಡು ಕೇಳುವವರಿಗೂ ಒಂದು ರೂಪಾಯಿ ಕೊಡಬೇಡಿ.

ಹಳೆಯ ಧ್ವನಿಮುದ್ರಣಗಳು ಇದ್ದಲ್ಲೇ ಇರುತ್ತವೆ. ಭಜನಾ ಮಂಡಳಿಯವರು ನಮ್ಮ ಧಾಟಿಯಲ್ಲಿ ಹಾಡಬಹುದು, ಅಪ್ಪಣೆ ಬೇಕಿಲ್ಲ. ಪದ ಕಟ್ಟಿದವರ ಅಂಕಿತ ಮಾತ್ರ ನುಂಗಬೇಡಿ. ತಬಲಾ, ಹಾರ್ಮೋನಿಯಂ ನುಡಿಸುವ ಗೆಳೆಯರು ಬೇರೆಯವರ ಜೊತೆ ಕೂಡುತ್ತಾರೆ, ಅವರನ್ನು ಧಾರಾಳವಾಗಿ ಕರೆಯಿರಿ.

ಕೆಲವು ತಿಂಗಳು ನನಗೆ ಫೋನ್ ಬೇಡ, ಬರೆದು ಕಳಿಸಿ.

ನಿಮ್ಮ ಹಾಡುಗಾರ