ಶ್ರೀ ವರದಾ ಅಡಿಕೆ ಮಂಡಿ: ಪಾಲುದಾರಿಕೆ ಕರಾರು ಪತ್ರದ ಕನ್ನಡ ಅನುವಾದ

2024ನೇ ಇಸವಿ ಏಪ್ರಿಲ್ ತಿಂಗಳ 1ನೇ ತಾರೀಖು ಸಾಗರದಲ್ಲಿ ಬರೆದುಕೊಂಡ ಪಾಲುದಾರಿಕೆ ಕರಾರು ಪತ್ರದ ಕ್ರಮವೇನೆಂದರೆ:

ಸಾಗರ ಪಟ್ಟಣದ ವಾಸಿಗಳಾದ ಶ್ರೀಪಾದ ಹೆಗಡೆ ಬಿನ್ ಮಂಜುನಾಥ ಹೆಗಡೆ (ಒಂದನೇ ಪಾಲುದಾರರು), ರುದ್ರಪ್ಪ ಬಿನ್ ಬಸಪ್ಪ (ಎರಡನೇ ಪಾಲುದಾರರು) ಮತ್ತು ಸುಮಿತ್ರಾ ಕೋಂ ನಾಗರಾಜ (ಮೂರನೇ ಪಾಲುದಾರರು) ಆದ ನಾವು ಮೂವರೂ ಈ ದಿನದಿಂದ ಮೇಲ್ಕಂಡ ಹೆಸರಿನಲ್ಲಿ ಅಡಿಕೆ ಖರೀದಿ, ಮಾರಾಟ ಹಾಗೂ ದಲಾಲಿ ವ್ಯಾಪಾರವನ್ನು ಕೂಡಿ ನಡೆಸಲು ಒಪ್ಪಿರುತ್ತೇವೆ.

1. ಬಂಡವಾಳ: ಸಂಸ್ಥೆಯ ಒಟ್ಟು ಬಂಡವಾಳ 25,00,000 ರೂಪಾಯಿ. ಇದರಲ್ಲಿ ಒಂದನೇ ಪಾಲುದಾರರು 12,00,000, ಎರಡನೆಯವರು 8,00,000, ಮೂರನೆಯವರು 5,00,000 ರೂಪಾಯಿಗಳನ್ನು ಸಂಸ್ಥೆಯ ಬ್ಯಾಂಕ್ ಖಾತೆಗೆ ಜಮಾ ಮಾಡಿರುತ್ತಾರೆ. ಈ ಮೊತ್ತಕ್ಕೆ ವಾರ್ಷಿಕ ಶೇ. 10ರಂತೆ ಬಡ್ಡಿ ಸಲ್ಲತಕ್ಕದ್ದು.

2. ಲಾಭ-ನಷ್ಟ: ಮಂಡಿಯ ದಿನನಿತ್ಯದ ವ್ಯವಹಾರ ನೋಡಿಕೊಳ್ಳುವ ಮೂರನೇ ಪಾಲುದಾರರಿಗೆ ತಿಂಗಳಿಗೆ 25,000 ರೂಪಾಯಿ ಸಂಭಾವನೆಯನ್ನೂ ಬಂಡವಾಳದ ಬಡ್ಡಿಯನ್ನೂ ಕಳೆದು ಉಳಿದ ನಿವ್ವಳ ಲಾಭವನ್ನು ಕ್ರಮವಾಗಿ ಶೇ. 40, 30 ಮತ್ತು 30ರಂತೆ ಹಂಚಿಕೊಳ್ಳತಕ್ಕದ್ದು. ನಷ್ಟವಾದಲ್ಲಿ ಅದನ್ನೂ ಇದೇ ಪ್ರಮಾಣದಲ್ಲಿ ಭರಿಸತಕ್ಕದ್ದು.

3. ಹೊಸ ಪಾಲುದಾರರ ಸೇರ್ಪಡೆ: ಎಲ್ಲ ಪಾಲುದಾರರ ಲಿಖಿತ ಒಪ್ಪಿಗೆಯಿಲ್ಲದೆ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಹೊಸಬರು ತಾವು ಸೇರುವುದಕ್ಕೆ ಹಿಂದಿನ ಸಾಲಗಳಿಗೆ ಹೊಣೆಗಾರರಾಗುವುದಿಲ್ಲ.

4. ನಿವೃತ್ತಿ: ನಿವೃತ್ತರಾಗಲು ಇಚ್ಛಿಸುವ ಪಾಲುದಾರರು ಡಿಸೆಂಬರ್ 31ರೊಳಗೆ ಉಳಿದವರಿಗೆ ಲಿಖಿತ ನೋಟಿಸು ಕೊಡತಕ್ಕದ್ದು, ಕೊಯ್ಲಿನ ಹಂಗಾಮಿನ ನಡುವೆ ಲೆಕ್ಕ ಮುರಿಯುವುದು ಯಾರಿಗೂ ಹಿತವಲ್ಲವಾದ್ದರಿಂದ ನಿವೃತ್ತಿಯು ಮುಂದಿನ ಮಾರ್ಚ್ 31ರಿಂದಲೇ ಜಾರಿಗೆ ಬರತಕ್ಕದ್ದು. ಅಂದು ದಾಸ್ತಾನಿನಲ್ಲಿರುವ ರಾಶಿ, ಚಾಲಿ, ಬಿಳಿಗೋಟು, ಕೆಂಪುಗೋಟುಗಳನ್ನು ಬೇರೆ ಬೇರೆಯಾಗಿ ತೂಗಿ, ಸಾಗರ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮಾರ್ಚ್ ತಿಂಗಳ ಕೊನೆಯ 15 ದಿನ ನಡೆದ ಧಾರಣೆಯ ಸರಾಸರಿಯಂತೆ ಬೆಲೆ ಕಟ್ಟತಕ್ಕದ್ದು. ಬೆಳೆಗಾರರಿಗೆ ಕೊಟ್ಟ ಮುಂಗಡದ ಪೈಕಿ ಎರಡು ವರ್ಷ ಮೀರಿದ ಬಾಕಿಯನ್ನು ಆಗ ಲೆಕ್ಕಕ್ಕೆ ಹಿಡಿಯದೆ, ಮುಂದೆ ಅದು ವಸೂಲಾದಂತೆಲ್ಲ ನಿವೃತ್ತರ ಪಾಲನ್ನು ಅವರಿಗೆ ಸಂದಾಯ ಮಾಡತಕ್ಕದ್ದು. ಗುಡ್‌ವಿಲ್‌ಗೆಂದು ಪ್ರತ್ಯೇಕ ಮೊತ್ತ ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ.

ಹೀಗೆ ಗೊತ್ತಾದ ಮೊತ್ತದ ಮೂರನೇ ಒಂದು ಭಾಗವನ್ನು 30 ದಿನಗಳೊಳಗೆ, ಉಳಿದದ್ದನ್ನು ಶೇ. 9ರ ಬಡ್ಡಿಯೊಂದಿಗೆ ನಾಲ್ಕು ತ್ರೈಮಾಸಿಕ ಕಂತುಗಳಲ್ಲಿ ಪಾವತಿಸತಕ್ಕದ್ದು. ಕಂತುಗಳು ಸರಿಯಾಗಿ ಸಲ್ಲುತ್ತಿರುವವರೆಗೆ, 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 37ನೇ ಪ್ರಕರಣದಂತೆ ನಂತರದ ಲಾಭದಲ್ಲಿ ಪಾಲು ಕೇಳುವ ಹಕ್ಕು ನಿವೃತ್ತರಿಗೆ ಇರುವುದಿಲ್ಲ. ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಹೊರಡುವವರೆಗೂ ಸಂಸ್ಥೆಯೊಡನೆ ವ್ಯವಹರಿಸುವ ಹೊರಗಿನವರಿಗೆ ನಿವೃತ್ತರ ಹೊಣೆ ಮುಂದುವರಿಯುವುದರಿಂದ, ರಾಜ್ಯಪತ್ರದಲ್ಲಿಯೂ ಜಿಲ್ಲೆಯಲ್ಲಿ ಪ್ರಸಾರವಿರುವ ಕನ್ನಡ ಪತ್ರಿಕೆಯಲ್ಲಿಯೂ ಪ್ರಕಟಣೆ ಕೊಟ್ಟು ಸಂಸ್ಥೆಗಳ ನೋಂದಣಾಧಿಕಾರಿಗೆ ತಿಳಿಸುವುದು ಉಳಿದ ಪಾಲುದಾರರ ಕರ್ತವ್ಯ.

5. ಭಾಷೆ: ಇದು ಇಂಗ್ಲಿಷಿನಲ್ಲಿರುವ ಮೂಲಪತ್ರದ ಅನುವಾದವಾಗಿದ್ದು, ಅರ್ಥದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಮೂಲಪತ್ರವೇ ಊರ್ಜಿತ.

ಈ ಮೇಲ್ಕಂಡ ಷರತ್ತುಗಳನ್ನು ಓದಿಸಿ ಕೇಳಿ, ಸರಿಯೆಂದು ಒಪ್ಪಿ, ಇಬ್ಬರು ಸಾಕ್ಷಿಗಳ ಸಮಕ್ಷಮ ನಾವು ಮೂವರೂ ನಮ್ಮ ಸ್ವಂತ ಇಚ್ಛೆಯಿಂದ ಸಹಿ ಮಾಡಿರುತ್ತೇವೆ.